ಬೀದಿನಾಯಿಯ ವಂಶವನ್ನು ಅದರ ರೂಪದಿಂದ ಅರಿಯಬಹುದೇ?

ಹೊಳೆನರಸೀಪುರ ತಾಲೂಕಿನ ಹಳ್ಳಿಮೈಸೂರಿನಲ್ಲಾಗಲಿ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಬೀದಿಗಳಲ್ಲಾಗಲಿ ಒಂದು ಗಳಿಗೆ ನಿಂತು ನೋಡಿದರೆ ನಾನಾ ರೂಪದ ನಾಯಿಗಳು ಕಣ್ಣಿಗೆ ಬೀಳುತ್ತವೆ. ಒಂದರ ಕಿವಿ ನೆಟ್ಟಗೆ ನಿಂತಿದ್ದರೆ ಇನ್ನೊಂದರದು ಜೋತುಬಿದ್ದಿರುತ್ತದೆ. ಒಂದರ ಮೈ ನುಣುಪಾಗಿದ್ದರೆ ಇನ್ನೊಂದರ ಬಾಲದಲ್ಲಿ ಕುಚ್ಚಿನಂತಹ ಕೂದಲು ಇಳಿಬಿದ್ದಿರುತ್ತದೆ. ಕಂಡವರು “ಇದು ಅಲ್ಸೇಷಿಯನ್ ಬೆರಕೆ”, “ಇದಕ್ಕೆ ಮುಧೋಳದ ರಕ್ತ ಬಂದಿದೆ” ಎಂದು ಸಲೀಸಾಗಿ ತೀರ್ಪು ಕೊಡುವುದುಂಟು. ಯಾವ ಹೆಸರೂ ಹೊಂದದಿದ್ದರೆ “ಕಂತ್ರಿ ನಾಯಿ” ಎಂದು ಹೇಳಿ ಮುಂದೆ ಹೋಗುತ್ತಾರೆ. ಈ ತೀರ್ಪುಗಳಲ್ಲಿ ಎಷ್ಟು ಹುರುಳಿದೆ? ಕಿವಿ, ತುಪ್ಪುಳು, ಮೂತಿ ಈ ಮೂರನ್ನು ನೋಡಿ ನಾಯಿಯ ಮನೆತನವನ್ನು ಎಷ್ಟರಮಟ್ಟಿಗೆ ಊಹಿಸಬಹುದು? ಇದನ್ನು ಇಲ್ಲಿ ವಿಚಾರಮಾಡೋಣ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. 2024ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು 23 ತಳಿಗಳ ನಾಯಿಗಳನ್ನು ಅಪಾಯಕರವೆಂದು ಪಟ್ಟಿಮಾಡಿ, ಅವುಗಳ ಮಾರಾಟಕ್ಕೂ ಸಾಕಣೆಗೂ ಪರವಾನಗಿ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಆ ತಳಿಗಳ ಬೆರಕೆ ನಾಯಿಗಳಿಗೂ ಅದು ಅನ್ವಯಿಸುತ್ತಿತ್ತು. ಮುಂದಿನ ತಿಂಗಳೇ ಕರ್ನಾಟಕದ ಉಚ್ಚ ನ್ಯಾಯಾಲಯವು, ಸಂಬಂಧಪಟ್ಟವರ ಮಾತನ್ನು ಕೇಳದೆ ಹೊರಡಿಸಿದ್ದೆಂಬುದೇ ಮೊದಲಾದ ಕಾರಣಗಳಿಂದ, ಆ ಸುತ್ತೋಲೆಯನ್ನು ರದ್ದುಮಾಡಿತು. ಆದರೆ ಒಂದು ಪ್ರಶ್ನೆ ಉಳಿದೇ ಇದೆ. ಮನೆಯ ಮುಂದೆ ಮಲಗಿರುವ ನಾಯಿ ಇಂತಹ ತಳಿಯ ಬೆರಕೆಯೆಂದು ಯಾರಾದರೂ ಹೇಳಿದರೆ, ಆ ಮಾತನ್ನು ಪರೀಕ್ಷಿಸುವ ಬಗೆ ಯಾವುದು?

ಮೊದಲು ನಾಡನಾಯಿಯನ್ನು ಅರಿಯಬೇಕು

ಬೆರಕೆಯನ್ನು ಗುರುತಿಸುವ ಮೊದಲು ಬೆರಕೆಯಿಲ್ಲದ ನಾಯಿ ಹೇಗಿರುತ್ತದೆ ಎಂಬುದು ತಿಳಿದಿರಬೇಕು. ಜನರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಬೀದಿನಾಯಿಯೆಂದರೆ ಹೆಸರುಳ್ಳ ಹಲವು ತಳಿಗಳು ಕಲಸಿಹೋಗಿ ಆದ ನಾಯಿ ಎಂದು ಅವರು ಭಾವಿಸುತ್ತಾರೆ. ನಮ್ಮ ನಾಡಿನ ಮಟ್ಟಿಗೆ ಇದು ತಲೆಕೆಳಗಾದ ಭಾವನೆ.

ಇಂದು ಹೆಸರುಳ್ಳ ವಿದೇಶೀ ತಳಿಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ, ಆಯ್ದ ನಾಯಿಗಳನ್ನು ಮಾತ್ರ ಕೂಡಿಸುವ ಕ್ರಮದಿಂದ ರೂಪುಗೊಂಡವು. ಇಂಗ್ಲೆಂಡಿನ ಕೆನಲ್ ಕ್ಲಬ್ಬು ಹುಟ್ಟಿದ್ದು 1873ರಲ್ಲಿ. ನಮ್ಮ ನಾಡಿನ ನಾಯಿಗಳಾದರೋ ಅದಕ್ಕಿಂತ ಬಹಳ ಹಿಂದಿನಿಂದ ಇಲ್ಲಿಯೇ ಇವೆ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನವು ಹತ್ತನೆಯ ಶತಮಾನದ ಮಧ್ಯಭಾಗದ್ದು. ಹಂದಿಯೊಡನೆ ಹೋರಾಡಿ ತಾನೂ ಸತ್ತ ಕಾಳಿಯೆಂಬ ನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲದು. ಬೀದಿನಾಯಿಗಳು ಹೆಸರುಳ್ಳ ತಳಿಗಳಿಂದ ಹುಟ್ಟಿದವಲ್ಲ; ಅವು ತಮ್ಮದೇ ಆದ ಹಳೆಯ ಸಂತತಿಗೆ ಸೇರಿದವು.

ವಂಶವಾಹಿಗಳ ಪರೀಕ್ಷೆಯೂ ಇದನ್ನೇ ಹೇಳುತ್ತದೆ. 161 ತಳಿಗಳ 4,676 ನಾಯಿಗಳನ್ನೂ 38 ದೇಶಗಳ 549 ಊರನಾಯಿಗಳನ್ನೂ ಹೋಲಿಸಿ ನೋಡಿದ ಒಂದು ಸಂಶೋಧನೆ 2015ರಲ್ಲಿ ಪ್ರಕಟವಾಯಿತು. ದಕ್ಷಿಣ ಪೆಸಿಫಿಕ್ ದ್ವೀಪಗಳ ಊರನಾಯಿಗಳು ಬಹುಮಟ್ಟಿಗೆ ಯೂರೋಪಿನ ನಾಯಿಗಳ ಸಂತಾನವೆಂದು ಅದರಿಂದ ತಿಳಿದುಬಂತು. ಆದರೆ ಭಾರತ, ವಿಯೆಟ್ನಾಂ, ಈಜಿಪ್ಟ್ ದೇಶಗಳ ಊರನಾಯಿಗಳಲ್ಲಿ ಯೂರೋಪಿನ ಬೆರಕೆ ಅತ್ಯಲ್ಪವಾಗಿತ್ತು. ಆದುದರಿಂದ ಹಳ್ಳಿಮೈಸೂರಿನಲ್ಲಿ ಕಂಡ ನಾಯಿಯನ್ನು ನಾಡನಾಯಿಯೆಂದೇ ಎಣಿಸಿ ನಾವು ವಿಚಾರವನ್ನು ಆರಂಭಿಸಬೇಕು. ಬೆರಕೆಯೆಂದು ಹೇಳುವವರೇ ಅದಕ್ಕೆ ಸಾಕ್ಷಿ ಒದಗಿಸಬೇಕು.

ಈ ನಾಡನಾಯಿಯ ಸಾಮಾನ್ಯ ಲಕ್ಷಣಗಳು ಇವು: ಮಧ್ಯಮ ಗಾತ್ರ, ಬೆಣೆಯಾಕಾರದ ತಲೆ, ಬುಡದಲ್ಲಿ ಅಗಲವಾಗಿ ತುದಿ ಚೂಪಾದ ನೆಟ್ಟನೆಯ ಕಿವಿ, ಗಿಡ್ಡ ಕೂದಲು, ಮೇಲಕ್ಕೆ ಬಾಗಿದ ಬಾಲ. ಬಣ್ಣ ಹೆಚ್ಚಾಗಿ ಕಂದು ಅಥವಾ ಕೆಂದು. ಕಪ್ಪು ನಾಯಿಗಳೂ ಬಿಳಿಯ ಮಚ್ಚೆಯುಳ್ಳವೂ ಉಂಟು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ಸಾಕ್ಷಿಗಳನ್ನು ಒಂದೊಂದಾಗಿ ವಿಚಾರಿಸೋಣ.

ಕಿವಿಯ ಸಾಕ್ಷಿ

ಕಿವಿ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಆದುದರಿಂದಲೇ ಅದನ್ನು ಎಚ್ಚರಿಕೆಯಿಂದ ನೋಡಬೇಕು. ಹುಟ್ಟಿದಾಗ ಎಲ್ಲ ನಾಯಿಮರಿಗಳ ಕಿವಿಯೂ ಮಡಿಚಿಕೊಂಡಿರುತ್ತದೆ. ಮೃದ್ವಸ್ಥಿ ಗಟ್ಟಿಯಾದಂತೆಲ್ಲ ಅದು ಮೇಲೇಳುತ್ತದೆ. ಆರು ತಿಂಗಳು ತುಂಬದ ಮರಿಯ ಕಿವಿಯಿಂದ ಏನನ್ನೂ ನಿರ್ಣಯಿಸಬಾರದು. ಕಾದಾಟದಲ್ಲಿ ಹರಿದ ಕಿವಿ, ಕಜ್ಜಿಯಿಂದ ದಪ್ಪವಾಗಿ ಬಾಗಿದ ಕಿವಿ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗುರುತಿಗಾಗಿ ತುದಿ ಕತ್ತರಿಸಿದ ಕಿವಿ ಇವು ಮೂರೂ ವಂಶದ ವಿಷಯವಾಗಿ ಮೌನವಾಗಿರುತ್ತವೆ.

ಆರೋಗ್ಯವಾಗಿರುವ ಬೆಳೆದ ನಾಯಿಯ ಕಿವಿಯಾದರೂ ಏನು ಹೇಳುತ್ತದೆ? ಕಿವಿ ನಿಲ್ಲುವುದೋ ಜೋಲುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ತಾಣವು ನಾಯಿಯ ಹತ್ತನೆಯ ವರ್ಣತಂತುವಿನಲ್ಲಿದೆಯೆಂದು 2010ರಿಂದೀಚಿನ ಸಂಶೋಧನೆಗಳು ತೋರಿಸಿವೆ. ನಾಯಿಗೆ 39 ಜೊತೆ ವರ್ಣತಂತುಗಳು. ಅವುಗಳಲ್ಲಿ ಸುಮಾರು ಇಪ್ಪತ್ತು ಸಾವಿರ ವಂಶವಾಹಿಗಳು. ಕಿವಿಯನ್ನು ನೋಡಿದಾಗ ನಮಗೆ ಕಾಣುವುದು ಈ ದೊಡ್ಡ ಗ್ರಂಥದ ಒಂದು ಪುಟದ ಒಂದೆರಡು ಸಾಲು ಮಾತ್ರ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ಬೆಂಕಿಯಲ್ಲಿ ಬೆಂದದ್ದು. ವಂಶವಾಹಿಗಳು ಹಾಗಲ್ಲ. ಒಂದು ತಾಣ ಅಜ್ಜನಿಂದ ಬಂದಿದ್ದರೆ ಪಕ್ಕದ ವರ್ಣತಂತುವಿನ ತಾಣ ಅಜ್ಜಿಯಿಂದ ಬಂದಿರಬಹುದು.

ನೆಟ್ಟನೆಯ ಕಿವಿ ನಾಡನಾಯಿಗೂ ಉಂಟು, ಅಲ್ಸೇಷಿಯನ್ನಿಗೂ ಉಂಟು. ಆದುದರಿಂದ ಇವೆರಡರ ನಡುವೆ ತೀರ್ಪು ಹೇಳಲು ಅದು ಸಾಕ್ಷಿಯೇ ಅಲ್ಲ. ಜೋಲುಗಿವಿಯ ಬೆಲೆ ಸ್ವಲ್ಪ ಹೆಚ್ಚು. ಆದರೆ ತುದಿ ಬಾಗಿದ ಕಿವಿಗಳು ನಾಡನಾಯಿಗಳಲ್ಲಿಯೂ ಇರುವುದರಿಂದ, ಅದೊಂದನ್ನೇ ಹಿಡಿದು ಲ್ಯಾಬ್ರಡಾರನ್ನಾಗಲಿ ಮುಧೋಳದ ನಾಯಿಯನ್ನಾಗಲಿ ಹೆಸರಿಸಲಾಗದು.

ತುಪ್ಪುಳಿನ ಸಾಕ್ಷಿ

ತುಪ್ಪುಳಿನ ವಿಷಯದಲ್ಲಿ ಮೆಂಡಲನ ನಿಯಮಗಳು ಸೊಗಸಾಗಿ ಕಾಣುತ್ತವೆ. ಎಂಬತ್ತು ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ತಳಿತಳಿಗಳ ನಡುವೆ ತುಪ್ಪುಳಿನಲ್ಲಿ ಕಾಣುವ ಭೇದಗಳಲ್ಲಿ ಬಹುಪಾಲನ್ನು ಮೂರೇ ವಂಶವಾಹಿಗಳಿಂದ ವಿವರಿಸಬಹುದೆಂದು 2009ರಲ್ಲಿ ತೋರಿಸಿಕೊಟ್ಟರು. ಒಂದು ಕೂದಲಿನ ಉದ್ದವನ್ನೂ, ಇನ್ನೊಂದು ಗುಂಗುರನ್ನೂ, ಮತ್ತೊಂದು ಮೀಸೆ ಗಡ್ಡಗಳಂತೆ ಮುಖದಲ್ಲಿ ಬೆಳೆಯುವ ಕೂದಲನ್ನೂ ನಿಯಂತ್ರಿಸುತ್ತದೆ.

ಇವುಗಳಲ್ಲಿ ನೀಳಗೂದಲಿನ ಗುಣವು ದುರ್ಬಲವಾದದ್ದು, ಅಂದರೆ ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವಂಥದು. ಇದರ ಪರಿಣಾಮವನ್ನು ನೋಡಿರಿ. ನಮ್ಮ ಊರುಗಳಲ್ಲಿ ಪಾಮೇರಿಯನ್ ಎಂದು ಕರೆಯುವ, ನೀಳವಾದ ಬಿಳಿಯ ಕೂದಲಿನ ಪುಟ್ಟ ನಾಯಿಯೊಂದು ಬೀದಿಯ ಗಿಡ್ಡಗೂದಲಿನ ಹೆಣ್ಣುನಾಯಿಯನ್ನು ಕೂಡಿತೆನ್ನೋಣ. ಆ ಹೆಣ್ಣಿನಲ್ಲಿ ನೀಳಗೂದಲಿನ ಗುಣ ಅಡಗಿಲ್ಲದಿದ್ದರೆ ಮರಿಗಳೆಲ್ಲವೂ ಗಿಡ್ಡಗೂದಲಿನವೇ ಆಗುತ್ತವೆ. ಅವುಗಳ ಅರ್ಧ ವಂಶ ಪಾಮೇರಿಯನ್ನಿನದಾದರೂ ತುಪ್ಪುಳು ಅದನ್ನು ಮುಚ್ಚಿಡುತ್ತದೆ. ಮುಂದೆ ಇಂತಹ ಗುಣವನ್ನು ಅಡಗಿಸಿಕೊಂಡ ಎರಡು ನಾಯಿಗಳು ಕೂಡಿದಾಗ ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ನೀಳಗೂದಲು ಮರಳಿ ಬರುತ್ತದೆ. ಬೀದಿಯಲ್ಲಿ ನೀಳಗೂದಲಿನ ನಾಯಿಯನ್ನು ಕಂಡರೆ, ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಆ ಗುಣ ಬಂದಿದೆಯೆಂದು ಹೇಳಬಹುದು. ಎಷ್ಟು ತಲೆಮಾರಿನ ಹಿಂದೆ ಬಂದಿತೆಂದು ಮಾತ್ರ ಹೇಳಲಾಗದು.

ಮೀಸೆ ಗಡ್ಡಗಳ ಗುಣವು ಇದಕ್ಕೆ ವಿರುದ್ಧ. ಅದು ಪ್ರಬಲವಾದದ್ದು, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುತ್ತದೆ. ಬಯಲುಸೀಮೆಯ ನಾಡನಾಯಿಯಲ್ಲಿ ಇದು ವಿರಳವಾದುದರಿಂದ, ಗಡ್ಡವುಳ್ಳ ಬೀದಿನಾಯಿಗೆ ಹೊರಗಿನ ಹಿರಿಯನೊಬ್ಬ ಇದ್ದನೆಂಬ ಊಹೆಗೆ ಬಲವಿದೆ.

ಬಣ್ಣವಾದರೋ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿ. ಕಪ್ಪು ಬಣ್ಣವೂ ಬಿಳಿಯ ಎದೆಯೂ ನೂರಾರು ತಳಿಗಳಲ್ಲಿವೆ, ತಳಿಯಿಲ್ಲದ ನಾಯಿಗಳಲ್ಲಿಯೂ ಇವೆ. ಕಜ್ಜಿ ಹಿಡಿದು ಕೂದಲುದುರಿದ ನಾಯಿಯ ತುಪ್ಪುಳಿನಿಂದ ಏನನ್ನೂ ಊಹಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಮೂತಿಯ ಸಾಕ್ಷಿ

ಮೂತಿಯನ್ನು ಅಳೆಯಬಹುದು, ಇದು ಅದರ ಹೆಚ್ಚುಗಾರಿಕೆ. ನಾಯಿಯ ತಲೆಯನ್ನು ಪಕ್ಕದಿಂದ ನೋಡಿದಾಗ ಮೂರು ಗುರುತುಗಳು ಸಿಗುತ್ತವೆ: ಮೂಗಿನ ತುದಿ, ಕಣ್ಣುಗಳ ನಡುವೆ ಹಣೆ ಮೂಗನ್ನು ಕೂಡುವ ತಗ್ಗು, ತಲೆಯ ಹಿಂಬದಿಯಲ್ಲಿ ಕೈಗೆ ಸಿಗುವ ಎಲುಬಿನ ಉಬ್ಬು. ಮೊದಲೆರಡರ ಅಂತರ ಮೂತಿಯ ಉದ್ದ. ಕೊನೆಯೆರಡರ ಅಂತರ ಬುರುಡೆಯ ಉದ್ದ. ನಾಡನಾಯಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ, ಅಥವಾ ಮೂತಿಯೇ ತುಸು ಉದ್ದ. ಮುಧೋಳದ ನಾಯಿಯಲ್ಲಿ ತಲೆಯೆಲ್ಲ ಇಕ್ಕಟ್ಟಾಗಿ ಮೂತಿ ನೀಳವಾಗಿ ಚಾಚಿರುತ್ತದೆ. ಪಗ್ ನಾಯಿಯಲ್ಲಿ ಮೂತಿ ಬಹುಮಟ್ಟಿಗೆ ಮುಖದೊಳಗೇ ಹುದುಗಿಹೋಗಿದೆ.

ಅಪರಿಚಿತ ನಾಯಿಯ ಮುಖಕ್ಕೆ ಅಳತೆಪಟ್ಟಿ ಹಿಡಿಯುವ ಸಾಹಸ ಬೇಡ; ಹುಚ್ಚುನಾಯಿ ರೋಗದ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ. ದೂರದಿಂದ ತೆಗೆದ ಭಾವಚಿತ್ರವೇ ಸಾಕು. ನಮಗೆ ಬೇಕಾದುದು ಉದ್ದವಲ್ಲ, ಪ್ರಮಾಣ; ಅದನ್ನು ಚಿತ್ರದ ಮೇಲೆಯೇ ಅಳತೆಗೋಲಿಟ್ಟು ತೆಗೆಯಬಹುದು. ಆದರೆ ಚಿತ್ರ ತೆಗೆಯುವಾಗ ಕ್ಯಾಮರಾ ನಾಯಿಯ ತಲೆಯ ಎತ್ತರದಲ್ಲಿರಬೇಕು, ತಲೆ ಸರಿಯಾಗಿ ಪಕ್ಕಕ್ಕೆ ತಿರುಗಿರಬೇಕು. ಮುಖ ನಮ್ಮ ಕಡೆಗೆ ಓರೆಯಾಗಿದ್ದರೆ ಅಳತೆ ಕೆಡುತ್ತದೆ. ಎರಡೂ ಕಣ್ಣುಗಳು ಕಾಣುವ ಚಿತ್ರವನ್ನು ಬಿಟ್ಟುಬಿಡಬೇಕು.

ಮೂತಿಯ ಸಾಕ್ಷಿಯೂ ತಲೆಮಾರಿನಿಂದ ತಲೆಮಾರಿಗೆ ಕರಗುತ್ತದೆ. ಲೆಕ್ಕದ ಸೌಲಭ್ಯಕ್ಕಾಗಿ, ಇಡೀ ತಲೆಯ ಉದ್ದ 100 ಆದರೆ ಪಗ್ಗಿನ ಮೂತಿ 15, ನಾಡನಾಯಿಯದು 50 ಎಂದೂ, ಮರಿಗಳದು ತಂದೆತಾಯಿಗಳ ನಟ್ಟನಡುವೆ ಇರುವುದೆಂದೂ ಎಣಿಸೋಣ. ಮೊದಲ ತಲೆಮಾರಿನ ಬೆರಕೆಯ ಮೂತಿ 32 ಅಥವಾ 33 ಆಗುತ್ತದೆ. ಅದನ್ನು ಯಾರೂ ಗುರುತಿಸಬಲ್ಲರು. ಅದು ನಾಡನಾಯಿಯನ್ನು ಕೂಡಿದರೆ ಮೊಮ್ಮಗನದು 41. ಅದರ ಮುಂದಿನ ತಲೆಮಾರಿನದು 45 ಅಥವಾ 46. ನಾಡನಾಯಿಗಳಲ್ಲಿಯೇ ಒಂದರಿಂದೊಂದಕ್ಕೆ ಇರುವ ಸಹಜ ವ್ಯತ್ಯಾಸವನ್ನೂ ನಮ್ಮ ಅಳತೆಯ ತಪ್ಪನ್ನೂ ಗಮನಿಸಿದರೆ, ಈ ಮೂರನೆಯ ನಾಯಿಯಲ್ಲಿ ಪಗ್ಗು ಅಡಗಿರುವುದು ಕಣ್ಣಿಗೆ ತಿಳಿಯುವುದೇ ಇಲ್ಲ.

ಒಂದು ಉದಾಹರಣೆ

ಈಗ ಹಳ್ಳಿಮೈಸೂರಿನ ಬೀದಿಯಲ್ಲಿ ಇಂತಹದೊಂದು ನಾಯಿ ಇದೆಯೆಂದು ಭಾವಿಸೋಣ: ಬೆಳೆದ ಗಂಡು, ಕೆಂದು ಮೈ, ಬೆನ್ನ ಮೇಲೆ ಕಪ್ಪು ಛಾಯೆ, ನೆಟ್ಟನೆಯ ಕಿವಿ. ಸುತ್ತಲಿನವರು ಇದನ್ನು ಅಲ್ಸೇಷಿಯನ್ ಬೆರಕೆ ಎನ್ನುತ್ತಾರೆ. ನಾವು ಮೂರು ಚಿತ್ರಗಳನ್ನು ತೆಗೆದು ಅಳೆದೆವು. ಮೊದಲನೆಯದರಲ್ಲಿ ಮೂತಿ 41 ಮಿಲಿಮೀಟರು, ಬುರುಡೆ 42. ಇಡೀ ತಲೆ 83. ಮೂತಿಯ ಪಾಲು ನೂರಕ್ಕೆ 49. ಉಳಿದ ಎರಡು ಚಿತ್ರಗಳಲ್ಲಿ 51 ಮತ್ತು 48 ಬಂತು. ಸರಾಸರಿ 49ಕ್ಕೆ ತುಸು ಮೇಲೆ. ಇದು ನಾಡನಾಯಿಗೆ ಸಲ್ಲುವ ಅಳತೆ. ಅಲ್ಸೇಷಿಯನ್ನಿಗೂ ಹೆಚ್ಚುಕಡಿಮೆ ಸಲ್ಲುತ್ತದೆ. ಕಿವಿ ಎರಡಕ್ಕೂ ಸಮಾನವೆಂದು ಆಗಲೇ ಕಂಡೆವು. ಉಳಿದದ್ದು ಬೆನ್ನಿನ ಕಪ್ಪು. ಹತ್ತಿರದಿಂದ ತೆಗೆದ ಚಿತ್ರದಲ್ಲಿ, ಗಾಳಿಗೆ ಬಿಚ್ಚಿಕೊಂಡ ಕೂದಲಿನ ಬುಡ ಕೆಂದಾಗಿದ್ದು ತುದಿ ಮಾತ್ರ ಕಪ್ಪಾಗಿದ್ದರೆ, ಅದು ತೋಳನಲ್ಲಿಯೂ ಹಲವು ಊರನಾಯಿಗಳಲ್ಲಿಯೂ ಕಾಣುವ ಹಳೆಯ ಬಣ್ಣಗಾರಿಕೆ.

ಹಾಗಾದರೆ ಅಲ್ಸೇಷಿಯನ್ ಬೆರಕೆಯಾಗಿರುವ ಸಂಭವ ಎಷ್ಟು? ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿದವು. ಒಂದು ಹೋಬಳಿಯಲ್ಲಿ 1,000 ಬೀದಿನಾಯಿಗಳಿದ್ದು, ಅವುಗಳಲ್ಲಿ 50ಕ್ಕೆ ಮಾತ್ರ ಅಲ್ಸೇಷಿಯನ್ ತಂದೆಯೋ ಅಜ್ಜನೋ ಇದ್ದಾನೆ ಎನ್ನೋಣ. ಆ 50ರಲ್ಲಿ 30 ನಾಯಿಗಳಿಗೆ ಕಪ್ಪು ಬೆನ್ನೂ ನೆಟ್ಟಗಿವಿಯೂ ಇವೆ. ಉಳಿದ 950 ನಾಡನಾಯಿಗಳಲ್ಲಿ ಹತ್ತಕ್ಕೊಂದರಂತೆ 95ಕ್ಕೆ ಅದೇ ರೂಪವಿದೆ. ಒಟ್ಟು 125 ನಾಯಿಗಳು ಅಲ್ಸೇಷಿಯನ್ನಿನಂತೆ ಕಾಣುತ್ತವೆ. ನಿಜವಾದ ಬೆರಕೆ 30 ಮಾತ್ರ. ಅಂದರೆ “ಬೆರಕೆ” ಎಂದ ನಾಲ್ಕು ಸಲದಲ್ಲಿ ಮೂರು ಸಲ ನಾವು ತಪ್ಪುತ್ತೇವೆ. ರೂಪವು ಬೆರಕೆಗೆ ಚೆನ್ನಾಗಿ ಹೊಂದಿದರೂ, ನಾಡನಾಯಿಗಳ ಸಂಖ್ಯೆ ಅಷ್ಟು ಹೆಚ್ಚಾಗಿರುವುದರಿಂದ ಹೀಗಾಗುತ್ತದೆ.

ಎರಡನೆಯ ಸಾಕ್ಷಿಯೊಂದು ದೊರೆತರೆ ಲೆಕ್ಕ ಬದಲಾಗುತ್ತದೆ. ದಟ್ಟವಾದ ಒಳಗೂದಲು ಅಲ್ಸೇಷಿಯನ್ನಿನ ಲಕ್ಷಣ. ಆ 30ರಲ್ಲಿ 20ಕ್ಕೂ, 95ರಲ್ಲಿ 5ಕ್ಕೂ ಮಾತ್ರ ಅದು ಇದೆಯೆಂದುಕೊಂಡರೆ, ಎರಡು ಲಕ್ಷಣಗಳೂ ಕೂಡಿರುವ 25 ನಾಯಿಗಳಲ್ಲಿ 20 ನಿಜವಾದ ಬೆರಕೆಗಳು. ಒಂದೊಂದಾಗಿ ದುರ್ಬಲವಾದ ಸಾಕ್ಷಿಗಳು ಕೂಡಿದಾಗ ಬಲವಾಗುತ್ತವೆ. ಆದರೆ ಅವು ಒಂದನ್ನೊಂದು ಅವಲಂಬಿಸಿರಬಾರದು. ದೇಹದ ಗಾತ್ರದ ಮೇಲೆ ಪ್ರಭಾವ ಬೀರುವ ವಂಶವಾಹಿಯೊಂದು ಹತ್ತನೆಯ ವರ್ಣತಂತುವಿನಲ್ಲಿ ಕಿವಿಯ ತಾಣದ ನೆರೆಯಲ್ಲಿಯೇ ಇದೆ. ನೆರೆಹೊರೆಯ ತಾಣಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮರಿಗೆ ಇಳಿಯುತ್ತವೆ. ಒಂದೇ ಮನೆಯ ಇಬ್ಬರು ಹೇಳಿದ ಸಾಕ್ಷಿಯನ್ನು ಎರಡೆಂದು ಎಣಿಸಲಾಗದಂತೆ, ಇಂತಹ ಎರಡು ಲಕ್ಷಣಗಳನ್ನೂ ಎರಡೆಂದು ಎಣಿಸಲಾಗದು. ಒಡಹುಟ್ಟಿದ ಮರಿಗಳನ್ನು ಕರೆದು ಸಾಕ್ಷಿ ಕೇಳುವುದೂ ಉಪಯೋಗವಿಲ್ಲ. ಬೆದೆಗೆ ಬಂದ ಹೆಣ್ಣುನಾಯಿ ಹಲವು ಗಂಡುಗಳನ್ನು ಕೂಡುವುದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಬಹುದು.

ಬಲ್ಲವರ ಕಣ್ಣೂ ತಪ್ಪುತ್ತದೆ

ಅಮೆರಿಕದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು, ನೆಟ್ಟಗಿವಿಯ ಬಸೆಂಜಿಯನ್ನೂ ಜೋಲುಗಿವಿಯ ಕಾಕರ್ ಸ್ಪಾನಿಯಲ್ಲನ್ನೂ ಕೂಡಿಸಿ ತಲೆಮಾರುಗಳನ್ನು ಬೆಳೆಸಿದ ಪ್ರಯೋಗವನ್ನು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಎರಡನೆಯ ತಲೆಮಾರಿನ ಮರಿಗಳಲ್ಲಿ ಅಜ್ಜ ಅಜ್ಜಿಯರಾರನ್ನೂ ಹೋಲದ ರೂಪಗಳೇ ಬಹಳವಾಗಿದ್ದವು. ವಂಶಾವಳಿ ತಿಳಿಯದವನು ಅವುಗಳಿಗೆ ಬೇರೆ ಯಾವುದೋ ತಳಿಗಳ ಹೆಸರಿಡುವುದು ಸಹಜ.

2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ನಾಯಿಗಳನ್ನು ದತ್ತು ಕೊಡುವ ಸಂಸ್ಥೆಗಳವರು ಕಣ್ಣಳತೆಯಿಂದ ತಳಿ ಹೆಸರಿಸಿದ್ದ 16 ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಲಾಯಿತು. ಹೆಸರಿಸಿದ ತಳಿಗಳಲ್ಲಿ ಒಂದಾದರೂ ಮುಖ್ಯವಾದುದಾಗಿ ಕಂಡುಬಂದದ್ದು ನಾಲ್ಕು ನಾಯಿಗಳಲ್ಲಿ ಮಾತ್ರ. ದಿನನಿತ್ಯ ನಾಯಿಗಳ ನಡುವೆಯೇ ಇದ್ದವರ ಊಹೆಯ ಗತಿ ಇದು.

ಹಾಗೆಂದು ವಂಶವಾಹಿಗಳ ಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಅದು ನಾಯಿಯ ವಂಶವಾಹಿಗಳನ್ನು ತನ್ನ ಪಟ್ಟಿಯಲ್ಲಿರುವ ತಳಿಗಳೊಡನೆ ಹೋಲಿಸುತ್ತದೆ. ಆ ಪಟ್ಟಿಯಲ್ಲಿ ನಮ್ಮ ನಾಡನಾಯಿ ಇಲ್ಲದಿದ್ದರೆ, ಹತ್ತಿರವೆಂದು ತೋರಿದ ತಳಿಗಳ ಹೆಸರುಗಳೇ ಉತ್ತರವಾಗಿ ಬರುತ್ತವೆ. ಇಂತಹ ವರದಿಯಲ್ಲಿ ಎಲ್ಲಿಯೂ ಕಾಣದ ತಳಿಗಳು ಹತ್ತಾರು ಸಣ್ಣ ಪಾಲುಗಳಲ್ಲಿ ಬಂದಿದ್ದರೆ ಮೊದಲು ಪಟ್ಟಿಯನ್ನೇ ಸಂದೇಹಿಸಬೇಕು.

ತೀರ್ಪನ್ನು ಬರೆಯುವ ಕ್ರಮ

ಈ ಮಿತಿಗಳೊಳಗೆ ನಾವು ಪ್ರಾಮಾಣಿಕವಾಗಿ ಹೇಳಬಹುದಾದ ತೀರ್ಪುಗಳು ಮೂರು ಬಗೆಯವು. ನಾಡನಾಯಿಯ ಚಿತ್ರಕ್ಕೆ ಹೊರತಾದ ಲಕ್ಷಣವೊಂದೂ ಇಲ್ಲದಿದ್ದರೆ “ಬೆರಕೆಗೆ ಸಾಕ್ಷಿಯಿಲ್ಲ” ಎನ್ನಬೇಕು. “ಬೆರಕೆಯಿಲ್ಲ” ಎನ್ನಬಾರದು, ಏಕೆಂದರೆ ದುರ್ಬಲ ಗುಣಗಳು ಅಡಗಿರಬಹುದು. ಒಂದು ಲಕ್ಷಣ ಮಾತ್ರ ಹೊರತಾಗಿದ್ದರೆ “ಹೊರಗಿನ ಹಿರಿಯನೊಬ್ಬ ಇದ್ದಿರಬಹುದು, ತಳಿ ತಿಳಿಯದು” ಎನ್ನಬೇಕು. ಗಿಡ್ಡ ಮೂತಿ, ಮುಖದ ನೆರಿಗೆ, ಸುರುಳಿ ಬಾಲ ಇವು ಮೂರೂ ಕೂಡಿ ಪಗ್ಗನ್ನು ತೋರುವಂತೆ, ಹಲವು ಲಕ್ಷಣಗಳು ಒಂದೇ ತಳಿಯ ಕಡೆಗೆ ಬೆರಳು ಮಾಡಿದರೆ ಮಾತ್ರ ತಳಿಯನ್ನು ಹೆಸರಿಸಿ, “ತಂದೆ ಅಥವಾ ಅಜ್ಜನ ತಲೆಮಾರಿನದು” ಎಂದು ಸೇರಿಸಬಹುದು. ನೂರಕ್ಕೆ ಇಷ್ಟು ಪಾಲೆಂದು ಅಂಕಿ ಹೇಳುವ ಅಧಿಕಾರವನ್ನು ಕಣ್ಣು ಎಂದಿಗೂ ಪಡೆಯಲಾರದು. ನಮ್ಮ ಉದಾಹರಣೆಯ ಕಪ್ಪು ಬೆನ್ನಿನ ನಾಯಿ ಮೊದಲನೆಯ ವರ್ಗಕ್ಕೆ ಸೇರುತ್ತದೆ.

ತಳಿಯ ಹೆಸರನ್ನು ಕೇಳಿ ಸ್ವಭಾವವನ್ನು ನಿರ್ಣಯಿಸುವವರು ಇನ್ನೊಂದು ವಿಷಯವನ್ನೂ ಜ್ಞಾಪಕದಲ್ಲಿಡಬೇಕು. 2022ರಲ್ಲಿ ಪ್ರಕಟವಾದ ದೊಡ್ಡ ಸಂಶೋಧನೆಯೊಂದರಲ್ಲಿ, ನಾಯಿನಾಯಿಗಳ ನಡುವೆ ವರ್ತನೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ನೂರಕ್ಕೆ ಸುಮಾರು 9 ಪಾಲು ಮಾತ್ರವೆಂದು ಕಂಡುಬಂತು. ಕಿವಿಯಿಂದ ತಳಿಯನ್ನು ಊಹಿಸುವುದು ಒಂದು ಸಡಿಲವಾದ ಮೆಟ್ಟಿಲು. ತಳಿಯಿಂದ ಸ್ವಭಾವವನ್ನು ಊಹಿಸುವುದು ಅದಕ್ಕಿಂತ ಸಡಿಲವಾದ ಇನ್ನೊಂದು ಮೆಟ್ಟಿಲು. ನಾಯಿ ಕಚ್ಚುವುದೇ ಇಲ್ಲವೇ ಎಂಬುದನ್ನು ಅದರ ನಡೆವಳಿಕೆಯಿಂದಲೇ ತಿಳಿಯಬೇಕು. ಕಚ್ಚಿದರೆ, ಯಾವ ತಳಿಯದೆಂದು ಚರ್ಚಿಸುತ್ತ ಕೂಡದೆ, ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಒಡನೆಯೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ರೋಗಾಣುವಿಗೆ ತಳಿಗಳ ಭೇದ ಗೊತ್ತಿಲ್ಲ.